ಸಂಶೋಧನಾ ಬರಹದಲ್ಲಿ ‘ನಾನು’ ಎಲ್ಲಿರಬೇಕು?

ಸಂಶೋಧನಾ ಪ್ರಬಂಧವನ್ನು ಓದುವವರಲ್ಲಿ ಹೆಚ್ಚಿನವರಿಗೆ ಅದನ್ನು ಬರೆದವರ ಪರಿಚಯವೇ ಇರುವುದಿಲ್ಲ. ಪರೀಕ್ಷಕರಾಗಲಿ, ಎಷ್ಟೋ ವರ್ಷಗಳ ನಂತರ ಗ್ರಂಥಾಲಯದಲ್ಲಿ ಅದನ್ನು ತೆರೆಯುವ ವಿದ್ಯಾರ್ಥಿಯಾಗಲಿ, ಬರೆದವರನ್ನು ಎದುರಿಗೆ ಕೂರಿಸಿಕೊಂಡು ‘ಹಾಗೆಂದರೇನು?’ ಎಂದು ಕೇಳಲಾರರು. ಕೈಯಲ್ಲಿರುವ ವಾಕ್ಯವನ್ನೇ ಹಿಡಿದು ಅದು ಸರಿಯೋ ತಪ್ಪೋ ಎಂದು ಪರಿಶೀಲಿಸಬೇಕು. ಆಡುಮಾತಿನ ಮೊಟಕು ರೂಪ, ಬಳಕೆಯ ನುಡಿಗಟ್ಟು, ಸ್ವಂತ ಬದುಕಿನ ಪ್ರಸಂಗ ಇವನ್ನು ಇಂಥ ಬರಹ ದೂರವಿಡುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಕೋಲಾರದ ಕಡೆಯ ಹಳ್ಳಿಯೊಂದರ ಅಂತರ್ಜಲದ ಬಗ್ಗೆ ಬರೆಯುತ್ತಿರುವ ವಿದ್ಯಾರ್ಥಿಯ ಕರಡಿನಲ್ಲಿ ಹೀಗಿದೆ ಎಂದುಕೊಳ್ಳೋಣ: “ನಮ್ಮೂರಲ್ಲಿ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟಿವೆ. ನಮ್ಮಜ್ಜಿ ಕಾಲದಲ್ಲಿ ಇಪ್ಪತ್ತು ಅಡಿಗೇ ಬಾವೀಲಿ ನೀರು ಸಿಕ್ತಿತ್ತಂತೆ. ಈಗ ಸಾವಿರ ಅಡಿ ಕೊರೆದ್ರೂ ಸಿಗಲ್ಲ.”

‘ಸಿಕ್ತಿತ್ತು’, ‘ಕೊರೆದ್ರೂ’, ‘ಸಿಗಲ್ಲ’ ಎಂಬ ರೂಪಗಳು ಊರಿಂದೂರಿಗೆ ಬದಲಾಗುತ್ತವೆ. ಧಾರವಾಡದವರ ಬಾಯಲ್ಲಿ ಇದೇ ಮಾತು ‘ಸಿಗಂಗಿಲ್ಲ’ ಆಗುತ್ತದೆ. ‘ಸಿಗುವುದಿಲ್ಲ’ ಎಂದು ಬರೆದರೆ ಎಲ್ಲ ಕಡೆಯ ಓದುಗರಿಗೂ ಒಂದೇ ರೂಪ ದೊರೆಯುತ್ತದೆ. ಆದರೂ ಮೂರು ನಿಷೇಧಗಳಲ್ಲಿ ಇದೇ ಹಗುರವಾದದ್ದು. ಮೊಟಕು ರೂಪದಿಂದ ಅರ್ಥ ಕೆಡುವುದು ಅಪರೂಪ, ಬದಲಾಗುವುದು ಧಾಟಿ ಮಾತ್ರ. ಸಂದರ್ಶನದಲ್ಲಿ ರೈತರು ಆಡಿದ ಮಾತನ್ನು ಉದ್ಧರಿಸುವಾಗ ಅವರ ನುಡಿಯನ್ನು ಇದ್ದಂತೆಯೇ ಉಳಿಸಬೇಕು. ಅಲ್ಲಿ ಮಾತೇ ಮಾಹಿತಿ, ಅದನ್ನು ತಿದ್ದಿದರೆ ಮಾಹಿತಿಯನ್ನೇ ತಿದ್ದಿದಂತೆ.

‘ಕೈಕೊಟ್ಟಿವೆ’ ಎಂಬುದು ಇದಕ್ಕಿಂತ ದೊಡ್ಡ ತೊಡಕು. ಕೊಳವೆಬಾವಿ ಪೂರ್ತಿ ಬತ್ತಿದೆಯೇ, ಬೇಸಿಗೆಯಲ್ಲಷ್ಟೇ ನಿಲ್ಲುತ್ತದೆಯೇ, ಮೋಟಾರು ಸುಟ್ಟಿದೆಯೇ, ಅಥವಾ ನೀರಿದ್ದರೂ ಫ್ಲೋರೈಡ್ ಹೆಚ್ಚಾಗಿ ಕುಡಿಯಲು ಬಾರದಾಗಿದೆಯೇ? ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಆಡುಮಾತಿನಲ್ಲಿ ಎಲ್ಲವನ್ನೂ ಒಂದೇ ಪದ ಸಾಗಿಸುತ್ತದೆ, ಏಕೆಂದರೆ ಕೇಳುವವರಿಗೆ ಸಂದರ್ಭ ಗೊತ್ತಿರುತ್ತದೆ. ‘ಎಲ್ಲ’ ಎಂಬುದರ ಕಥೆಯೂ ಇದೇ. “ಹಳ್ಳಿಯ 42 ಕೊಳವೆಬಾವಿಗಳ ಪೈಕಿ 31 ಏಪ್ರಿಲ್ ವೇಳೆಗೆ ಬತ್ತಿದ್ದವು” ಎಂಬಂಥ ವಾಕ್ಯ ಬರೆಯಲು ಹೊರಟಾಗಲೇ ಎಣಿಕೆ ಆಗಿಲ್ಲವೆಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ.

ಇನ್ನು ಅಜ್ಜಿಯ ನೆನಪು. ಅದು ಸುಳ್ಳೆಂದು ಯಾರೂ ಹೇಳುವುದಿಲ್ಲ. ಆದರೆ ಅದು ಒಂದು ಬಾವಿಯ ಮಾತು, ವರ್ಷ ಗೊತ್ತಿಲ್ಲ, ಮಳೆಗಾಲವೋ ಬೇಸಿಗೆಯೋ ತಿಳಿಯದು. ಮನಸ್ಸಿಗೆ ನಾಟಿದ್ದೇ ನೆನಪಿನಲ್ಲಿ ಉಳಿಯುವುದರಿಂದ ಇಂಥ ಪ್ರಸಂಗ ಊರಿನ ಸರಾಸರಿ ಸ್ಥಿತಿಯನ್ನು ಹೇಳುತ್ತದೆಂಬ ಭರವಸೆಯಿಲ್ಲ. ಹಾಗೆಂದು ಅದನ್ನು ಎಸೆಯಬೇಕಿಲ್ಲ. ಊರಿನ ಹಲವು ಹಿರಿಯರನ್ನು ಒಂದೇ ಬಗೆಯ ಪ್ರಶ್ನೆ ಕೇಳಿ, ಬಾವಿಯ ಜಾಗ ಮತ್ತು ಅಂದಾಜು ವರ್ಷ ಗುರುತಿಸಿ, ಸರ್ಕಾರಿ ವೀಕ್ಷಣಾ ಬಾವಿಗಳ ದಾಖಲೆಯೊಂದಿಗೆ ಹೋಲಿಸಿದರೆ ಅದೇ ನೆನಪು ಪುರಾವೆಯ ಭಾಗವಾಗುತ್ತದೆ.

ಉತ್ತಮ ಪುರುಷದ ವಿಷಯದಲ್ಲಿ ತಪ್ಪುಕಲ್ಪನೆಯೇ ಹೆಚ್ಚು. ‘ನಾನು’ ಎಂದು ಬರೆಯಲೇಬಾರದೆಂದು ಕಲಿಸುವ ಮಾರ್ಗದರ್ಶಕರು ಬಹಳ. ಆದರೆ ಸಮಾಜವಿಜ್ಞಾನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಪಿಎ ಶೈಲಿ ಕೈಪಿಡಿ, 2019ರ ಏಳನೆಯ ಆವೃತ್ತಿಯಲ್ಲಿ, ತಾವು ಮಾಡಿದ ಕೆಲಸವನ್ನು ಹೇಳುವಾಗ ‘ನಾನು’, ‘ನಾವು’ ಬಳಸಿ ಎಂದೇ ಸೂಚಿಸುತ್ತದೆ. ಡಿಎನ್‌ಎ ರಚನೆಯನ್ನು ಮಂಡಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಸಿದ್ಧ ಲೇಖನ ಮೊದಲ ವಾಕ್ಯದಲ್ಲೇ ‘ನಾವು’ ಎನ್ನುತ್ತದೆ. “ಮಾದರಿಗಳನ್ನು ಸಂಗ್ರಹಿಸಲಾಯಿತು” ಎಂಬ ಕರ್ಮಣಿ ವಾಕ್ಯದಲ್ಲಿ ಸಂಗ್ರಹಿಸಿದವರು ಯಾರೆಂಬುದೇ ಮರೆಯಾಗುತ್ತದೆ. ವಿದ್ಯಾರ್ಥಿಯೋ, ಇಲಾಖೆಯ ಸಿಬ್ಬಂದಿಯೋ? “ನಾನು ಮಾದರಿಗಳನ್ನು ಸಂಗ್ರಹಿಸಿದೆ” ಎಂದರೆ ಹೊಣೆ ಸ್ಪಷ್ಟ. ಒಬ್ಬರೇ ಬರೆದ ಪ್ರಬಂಧದಲ್ಲಿ ‘ನಾವು’ ಎನ್ನುವುದನ್ನು ಎಪಿಎ ಒಪ್ಪುವುದಿಲ್ಲ, ಓದುಗರು ಇನ್ನೊಬ್ಬ ಲೇಖಕರನ್ನು ಹುಡುಕತೊಡಗುತ್ತಾರೆ.

ಒಪ್ಪಿತವಲ್ಲದ್ದು ಪುರಾವೆಯ ಜಾಗದಲ್ಲಿ ಕೂರುವ ‘ನಾನು’. “ಅಂತರ್ಜಲ ಕುಸಿಯಲು ನೀಲಗಿರಿ ತೋಪುಗಳೇ ಕಾರಣವೆಂದು ನನಗನ್ನಿಸುತ್ತದೆ” ಎಂಬ ವಾಕ್ಯದಲ್ಲಿ ಅನಿಸಿಕೆಯ ಹೊರತು ಓದುಗರು ಪರೀಕ್ಷಿಸಬಹುದಾದ ಏನೂ ಇಲ್ಲ. ‘ನನಗನ್ನಿಸುತ್ತದೆ’ ಎಂಬುದನ್ನು ಅಳಿಸಿದರೂ ದೋಷ ಹೋಗುವುದಿಲ್ಲ, ಅಳತೆಗಳು ಬೇಕು.

ಸಂಶೋಧಕರೇ ಉಪಕರಣವಾಗುವ ಕ್ಷೇತ್ರಗಳಲ್ಲಿ ‘ನಾನು’ ಅನಿವಾರ್ಯ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ, ತಾವು ರಾಂಪುರವೆಂದು ಕರೆದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ನಡೆಸಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹತ್ತಿದ ಬೆಂಕಿಗೆ ಅವರ ಸಂಸ್ಕರಿಸಿದ ಟಿಪ್ಪಣಿಗಳು ಸಿಕ್ಕಿದವು. ಬಹುಮಟ್ಟಿಗೆ ನೆನಪಿನ ಬಲದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಆ ಹಳ್ಳಿಯಲ್ಲಿ ಅವರು ಬ್ರಾಹ್ಮಣರು, ಓದಿದವರು, ಹೊರಗಿನಿಂದ ಬಂದವರು. ಯಾರ ಮನೆಯೊಳಗೆ ಹೋಗಬಹುದು, ಯಾರು ಮನಬಿಚ್ಚಿ ಮಾತನಾಡುತ್ತಾರೆ ಎಂಬುದನ್ನು ಈ ಸ್ಥಾನವೂ ನಿರ್ಧರಿಸುತ್ತಿತ್ತು. ಇದನ್ನು ಅವರು ತಮ್ಮ ಮಾತಿನಲ್ಲೇ ತೆರೆದಿಟ್ಟಿರುವುದರಿಂದ ಕಂಡದ್ದೆಷ್ಟು, ಕಾಣದೆ ಹೋದದ್ದೆಲ್ಲಿ ಎಂದು ಓದುಗರು ತೂಗಿ ನೋಡಬಹುದು.