ಅಮ್ಮನ ಫ್ಲ್ಯಾಟಿನ ಮೂರನೇ ಒಂದು ಪಾಲಿಗೆ ಎಷ್ಟು?

ಹೊಲವಾದರೆ ನಡುವೆ ಬದು ಹಾಕಿ ಹಂಚಿಕೊಳ್ಳಬಹುದು. ಹಳೇ ಕಾಲದ ಮನೆಗೆ ಗೋಡೆ ಎಬ್ಬಿಸಿ ಎರಡು ಬಾಗಿಲು ಮಾಡಿಕೊಂಡವರೂ ಇದ್ದಾರೆ. ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಮೂವರು ಒಡಹುಟ್ಟಿದವರು ಹಾಗೆ ಹಂಚಿಕೊಳ್ಳಲಾಗದು. ಮಾರಿ ದುಡ್ಡು ಹಂಚಿಕೊಳ್ಳಬೇಕು, ಇಲ್ಲವೇ ಒಬ್ಬರು ಮನೆ ಇಟ್ಟುಕೊಂಡು ಉಳಿದಿಬ್ಬರಿಗೆ ಅವರವರ ಪಾಲಿನ ಹಣ ಕೊಡಬೇಕು. ಈ ಎರಡನೆಯ ದಾರಿಯಲ್ಲಿ ದಲ್ಲಾಳಿ ಬೇಡ, ಹೊರಗಿನ ಗಿರಾಕಿಗೆ ಕಾಯಬೇಕಿಲ್ಲ. ಆದರೂ ಮಾತು ಮುರಿಯುವುದು ಇಲ್ಲಿಯೇ ಹೆಚ್ಚು. ಕೊಳ್ಳುವವರು ಯಾವ ಲೆಕ್ಕದಿಂದ ಆ ಬೆಲೆಗೆ ಬಂದರು ಎಂಬುದು ಉಳಿದವರಿಗೆ ಕಾಣುವುದಿಲ್ಲ.

ಬೆಂಗಳೂರಿನ ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ಅಮ್ಮ 1998ರಲ್ಲಿ ತಮ್ಮ ಹೆಸರಿನಲ್ಲಿ ಕೊಂಡ ಫ್ಲ್ಯಾಟು. ಅಪ್ಪ ಮೊದಲೇ ತೀರಿಕೊಂಡಿದ್ದಾರೆ, ಅಮ್ಮ ಹೋಗಿ ಮೂರು ವರ್ಷವಾಗಿದೆ, ಉಯಿಲು ಬರೆದಿಲ್ಲ. ಅಕ್ಕ ಅದೇ ಮನೆಯಲ್ಲಿದ್ದಾಳೆ, ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ. ನಡುವಿನವನು ಮೈಸೂರಿನಲ್ಲಿ, ಕಿರಿಯವನು ಅಮೆರಿಕದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂವರಿಗೂ ಸಮಪಾಲು. ಅಪ್ಪ ಬದುಕಿದ್ದಿದ್ದರೆ ಅವರಿಗೂ ಒಂದು ಪಾಲು ಸಲ್ಲುತ್ತಿತ್ತು. ಆಸ್ತಿ ಅಪ್ಪನ ಹೆಸರಿನಲ್ಲಿದ್ದು ಅವರ ತಾಯಿ, ಅಂದರೆ ಅಜ್ಜಿ, ಆಗ ಬದುಕಿದ್ದರೆ ಅಜ್ಜಿಗೂ ಪಾಲಿದೆ. ಇದನ್ನು ಮರೆತು ಮೂರೇ ಭಾಗ ಮಾಡಿದ ಮನೆಗಳಲ್ಲಿ ವರ್ಷಗಳ ನಂತರ ಚಿಕ್ಕಪ್ಪನ ಮಕ್ಕಳು ಬಾಗಿಲು ತಟ್ಟಿದ್ದುಂಟು. ಆದ್ದರಿಂದ ಬೆಲೆಯ ಮಾತಿಗೂ ಮೊದಲು ವಂಶವೃಕ್ಷದ ಪ್ರಮಾಣಪತ್ರ ತೆಗೆಸಿಡಬೇಕು.

ಅಕ್ಕ ಫೋನಿನಲ್ಲಿ ಹೇಳುತ್ತಾಳೆ: "ಸಬ್‌ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ 66 ಲಕ್ಷ ಇದೆ ಕಣೋ. ನಿಮಗೆ ತಲಾ 22 ಕೊಡ್ತೀನಿ." ಅವಳಿಗೆ ಮೋಸದ ಯೋಚನೆ ಇಲ್ಲ, ಸರ್ಕಾರದ ಅಂಕಿ ಅಂದಮೇಲೆ ನ್ಯಾಯವಾಗಿಯೇ ಇರುತ್ತದೆ ಅಂದುಕೊಂಡಿದ್ದಾಳೆ. ಮೈಸೂರಿನ ತಮ್ಮ ಜಾಲತಾಣದಲ್ಲಿ ಜಾಹೀರಾತು ನೋಡಿ, "ಅದೇ ಕಟ್ಟಡದಲ್ಲಿ 1 ಕೋಟಿ 10 ಲಕ್ಷ ಕೇಳ್ತಿದ್ದಾರಲ್ಲಕ್ಕ" ಅನ್ನುತ್ತಾನೆ. ಎರಡೂ ಬೆಲೆಯಲ್ಲ. ಮಾರ್ಗಸೂಚಿ ದರ ಎಂದರೆ ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಸರ್ಕಾರ ಇಟ್ಟ ಕನಿಷ್ಠ ದರ. ಜಾಹೀರಾತಿನದು ಮಾರುವವರ ಆಸೆ. ನಿಜವಾದ ಬೆಲೆ ತಿಳಿಯಬೇಕಾದರೆ ಅದೇ ಸಮುಚ್ಚಯದಲ್ಲಿ ಕಳೆದ ಒಂದೆರಡು ವರ್ಷದಲ್ಲಿ ಕೈಬದಲಾದ ಫ್ಲ್ಯಾಟುಗಳು ಎಷ್ಟಕ್ಕೆ ಹೋದವು ಎಂದು ಅಸೋಸಿಯೇಷನ್‌ನವರನ್ನು ವಿಚಾರಿಸಬೇಕು. ಜೊತೆಗೆ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಪಡೆಯಬೇಕು. ಹಳೆಯ ಕಟ್ಟಡದಲ್ಲಿ ಗೋಡೆಗಿಂತ ಹೆಚ್ಚು ಬೆಲೆ ನೆಲಕ್ಕಿರುತ್ತದೆ, ಹಾಗಾಗಿ ಕ್ರಯಪತ್ರದಲ್ಲಿ ಬರೆದಿರುವ ಅವಿಭಜಿತ ಭೂಮಿಯ ಪಾಲು ಎಷ್ಟು ಚದರಡಿ ಎಂಬುದನ್ನು ವರದಿ ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂದು ನೋಡಿ.

ಮೌಲ್ಯಮಾಪಕರು ಒಬ್ಬರಲ್ಲ, ಇಬ್ಬರು ಬೇಕು. ಒಬ್ಬರನ್ನು ಅಕ್ಕ ಗೊತ್ತುಮಾಡಲಿ, ಇನ್ನೊಬ್ಬರನ್ನು ತಮ್ಮಂದಿರು. ಸರಾಸರಿಯನ್ನು ಒಪ್ಪಿಕೊಳ್ಳುತ್ತೇವೆ ಎಂದು ವರದಿ ಬರುವ ಮುಂಚೆಯೇ ಮೂವರೂ ಬರೆದುಕೊಳ್ಳಬೇಕು, ವರದಿ ಬಂದಮೇಲೆ ಒಪ್ಪಿಸುವುದು ಕಷ್ಟ. ನಮ್ಮ ಉದಾಹರಣೆಯಲ್ಲಿ ಒಬ್ಬರು 90 ಲಕ್ಷ ಎಂದರು, ಇನ್ನೊಬ್ಬರು 96. ಸರಾಸರಿ 93 ಲಕ್ಷ, ಪಾಲಿಗೆ 31 ಲಕ್ಷ. ಅಕ್ಕ ಮೊದಲು ಹೇಳಿದ್ದಕ್ಕೂ ಇದಕ್ಕೂ ತಲಾ 9 ಲಕ್ಷದ ಅಂತರವಿದೆ. ಅವಳ ಮಾತಿಗೆ ತಮ್ಮಂದಿರು ಆ ದಿನವೇ ತಲೆಯಾಡಿಸಿದ್ದರೆ ಈ 9 ಲಕ್ಷದ ನೋವು ಮುಂದೆ ಎಂದಾದರೂ ಹೊರಬೀಳದೆ ಇರುತ್ತಿರಲಿಲ್ಲ.

ಇನ್ನು ಕಳೆಯುವ ಲೆಕ್ಕ. ಅಮ್ಮ ಹೋದಮೇಲೆ ಅಕ್ಕ ಹಳೆಯ ವೈರಿಂಗ್ ಬದಲಿಸಿ, ಸೋರುತ್ತಿದ್ದ ಬಚ್ಚಲು ಸರಿಮಾಡಿಸಿ 2 ಲಕ್ಷ 40 ಸಾವಿರ ಖರ್ಚು ಮಾಡಿದ್ದಾಳೆ. ಮೂರು ವರ್ಷದ ಆಸ್ತಿ ತೆರಿಗೆ 30 ಸಾವಿರ ಕಟ್ಟಿದ್ದಾಳೆ. ಇವು ಆಸ್ತಿಯನ್ನು ಉಳಿಸಿದ ಖರ್ಚು, ಮೂವರೂ ಹೊರಬೇಕು: ತಲಾ 90 ಸಾವಿರ. ತಿಂಗಳ ಮೇಂಟೆನೆನ್ಸ್, ಕರೆಂಟು, ನೀರಿನ ಬಿಲ್ಲು ಮಾತ್ರ ವಾಸವಿದ್ದವರದ್ದೇ. ಹೀಗೆ ಒಬ್ಬೊಬ್ಬ ತಮ್ಮನಿಗೆ 30 ಲಕ್ಷ 10 ಸಾವಿರ ಉಳಿಯಿತು. ಹೊರಗೆ ಮಾರಿದ್ದರೆ ದಲ್ಲಾಳಿಗೆ ಕೊಡಬೇಕಾಗಿದ್ದ ಕಮಿಷನ್ ಉಳಿಯಿತೆಂದು ಅವರು 30 ಲಕ್ಷಕ್ಕೆ ಇಳಿದರು.

ಎರಡು ಮಾತುಗಳು ಈ ಹಂತದಲ್ಲಿ ಏಳದೆ ಇರುವುದಿಲ್ಲ. "ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದೆಯಲ್ಲ" ಎಂದು ಒಬ್ಬ. "ಅಮ್ಮನ ಆಸ್ಪತ್ರೆ, ರಾತ್ರಿ ನಿದ್ದೆಗೆಟ್ಟದ್ದು ಯಾರ ಲೆಕ್ಕ" ಎಂದು ಅವಳು. ಆಸ್ಪತ್ರೆಯ ಬಿಲ್ಲು ಕೊಡಬೇಕಾಗಿದ್ದರೆ ಅದನ್ನು ಬೇರೆಯದೇ ಬಾಕಿಯಾಗಿ ತೀರಿಸಬೇಕು, ಫ್ಲ್ಯಾಟಿನ ಬೆಲೆಯೊಳಗೆ ಅದನ್ನು ತುರುಕಬಾರದು ಎಂಬುದು ನನ್ನ ಅಭಿಪ್ರಾಯ. ಬೆಲೆಯೊಳಗೆ ಸೇರಿಸಿದ ದಿನ ಅಮ್ಮನ ಸೇವೆಗೂ ಒಂದು ದರ ಬಂದುಬಿಡುತ್ತದೆ, ಆ ದರವನ್ನು ಯಾರೂ ಒಪ್ಪುವುದಿಲ್ಲ.

ಬೆಲೆ ಒಪ್ಪಿದಮೇಲೆ ಅಕ್ಕ ಒಂದು ಪುಟದ ಪತ್ರ ಬರೆದು ಇಬ್ಬರಿಗೂ ಒಟ್ಟಿಗೆ ಕಳಿಸಬೇಕು. ಯಾರಿಗೆ ಎಷ್ಟು, ಯಾವ ವರದಿಯ ಆಧಾರ, ಏನೇನು ಕಳೆದಿದೆ, ಹಣ ಯಾವಾಗ, ಸಾಲ ಮಂಜೂರಾಗದಿದ್ದರೆ ಏನು, ನೋಂದಣಿ ಖರ್ಚು ಯಾರದ್ದು, ಈ ಮಾತು ಯಾವ ದಿನಾಂಕದವರೆಗೆ ನಿಲ್ಲುತ್ತದೆ ಎಂಬುದೆಲ್ಲ ಅದರಲ್ಲಿರಲಿ. ಒಬ್ಬನಿಗೆ ಗುಟ್ಟಾಗಿ ಹೆಚ್ಚು ಕೊಟ್ಟು ಇನ್ನೊಬ್ಬನನ್ನು ಕಡಿಮೆಗೆ ಒಪ್ಪಿಸಿದ ವ್ಯವಹಾರ ಒಂದು ಮದುವೆಯ ಊಟದ ಪಂಕ್ತಿಯಲ್ಲಾದರೂ ಬಯಲಾಗುತ್ತದೆ. "ಇದೇ ದರಕ್ಕೆ ನನ್ನ ಪಾಲನ್ನು ನೀವು ತೆಗೆದುಕೊಳ್ಳುವುದಾದರೂ ಸರಿ" ಎಂಬ ಸಾಲು ಸೇರಿಸಿದರೆ ಬೆಲೆಯ ಮೇಲೆ ನಂಬಿಕೆ ಬರುತ್ತದೆ. ಆದರೆ ಅಕ್ಕನಿಗೆ ಬೇರೆ ಸೂರಿಲ್ಲದಿದ್ದರೆ ಆ ಸಾಲನ್ನು ಅವಳಿಂದ ಕೇಳುವುದು ನಿರ್ದಯ.

ತೆರಿಗೆಯನ್ನು ಬಹಳ ಮಂದಿ ಕೊನೆಗೆ ನೆನೆಯುತ್ತಾರೆ. ಹಣ ಪಡೆದು ಪಾಲು ಬಿಟ್ಟುಕೊಟ್ಟರೆ ಅದು ದಾನವಲ್ಲ, ಮಾರಾಟದಂತೆಯೇ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಅಮ್ಮ 2001ಕ್ಕಿಂತ ಮೊದಲು ಕೊಂಡಿದ್ದರಿಂದ 2001ರ ಏಪ್ರಿಲ್ 1ರ ಮೌಲ್ಯವನ್ನೇ ಮೂಲ ಬೆಲೆಯಾಗಿ ಹಿಡಿಯಬಹುದು. ಅದು ಪಾಲಿಗೆ 4 ಲಕ್ಷವಿತ್ತು ಎನ್ನೋಣ. ಮೈಸೂರಿನ ತಮ್ಮನಿಗೆ ಎರಡು ದಾರಿಯಿದೆ. ಹಣದುಬ್ಬರದ ಸೂಚ್ಯಂಕ ಸೇರಿಸಿದರೆ 2025-26ರ ಲೆಕ್ಕದಲ್ಲಿ ಆ 4 ಲಕ್ಷ ಸುಮಾರು 15 ಲಕ್ಷವಾಗುತ್ತದೆ, ಉಳಿದ 15 ಲಕ್ಷ ಲಾಭಕ್ಕೆ ಶೇ. 20ರಂತೆ ಸುಮಾರು 3 ಲಕ್ಷ ತೆರಿಗೆ. ಸೂಚ್ಯಂಕ ಬಿಟ್ಟರೆ 26 ಲಕ್ಷಕ್ಕೆ ಶೇ. 12.5ರಂತೆ 3 ಲಕ್ಷ 25 ಸಾವಿರ. ಕಡಿಮೆಯದನ್ನು ಅವನು ಆರಿಸಿಕೊಳ್ಳಬಹುದು. ಅಮೆರಿಕದ ತಮ್ಮ ಅನಿವಾಸಿಯಾದ್ದರಿಂದ ಅವನಿಗೆ ಈ ಆಯ್ಕೆಯಿಲ್ಲ, ಎರಡನೆಯದೇ ಗತಿ. ಎರಡರ ಮೇಲೂ ಶೇ. 4ರ ಸೆಸ್ ಇದೆ.

ಅಕ್ಕನಿಗೂ ಇಲ್ಲೊಂದು ಹೊಣೆಯಿದೆ. ಒಟ್ಟು ಕೊಡುವ ಹಣ 50 ಲಕ್ಷ ದಾಟಿರುವುದರಿಂದ ಮೈಸೂರಿನವನಿಗೆ ಕೊಡುವ ಮೊತ್ತದಲ್ಲಿ ಶೇ. 1ನ್ನು ಅವಳೇ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಅನಿವಾಸಿ ತಮ್ಮನ ವಿಷಯದಲ್ಲಿ ಹಿಡಿಯಬೇಕಾದದ್ದು ಸೆಸ್ ಸೇರಿ ಶೇ. 13. ಅವನು ಮೊದಲೇ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಿಸಿಕೊಳ್ಳದಿದ್ದರೆ ಸಾಮಾನ್ಯವಾಗಿ ಇಡೀ 30 ಲಕ್ಷದ ಮೇಲೆಯೇ ಹಿಡಿಯುತ್ತಾರೆ, ಹೆಚ್ಚಾದದ್ದಕ್ಕೆ ಅವನು ರಿಟರ್ನ್ ಸಲ್ಲಿಸಿ ಕಾಯಬೇಕು. "ತಮ್ಮನ ಹತ್ತಿರ ಏನು ಹಿಡಿಯೋದು" ಎಂದು ಪೂರ್ತಿ ಹಣ ಕಳಿಸಿಬಿಟ್ಟರೆ ಇಲಾಖೆಯ ನೋಟಿಸು ಬರುವುದು ಅಕ್ಕನ ಹೆಸರಿಗೆ.

ಪತ್ರ ಯಾವುದು ಎಂಬುದರಲ್ಲಿ ದೊಡ್ಡ ಉಳಿತಾಯವಿದೆ. ಕ್ರಯಪತ್ರವಾದರೆ ಕರ್ನಾಟಕದಲ್ಲಿ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ. 2 ನೋಂದಣಿ ಶುಲ್ಕ. 60 ಲಕ್ಷಕ್ಕೆ ನಾಲ್ಕೂವರೆ ಲಕ್ಷದ ಆಸುಪಾಸು. ಈಗಾಗಲೇ ಸಹಮಾಲೀಕರಾಗಿರುವ ಒಡಹುಟ್ಟಿದವರು ಹಕ್ಕು ಬಿಡುಗಡೆ ಪತ್ರ ಮಾಡಿಕೊಂಡರೆ ಶುಲ್ಕ ಕುಟುಂಬದವರಿಗೆಂದೇ ಇರುವ ಸಣ್ಣ ನಿಗದಿತ ಮೊತ್ತ. ಕರಡನ್ನು ಉಪನೋಂದಣಾಧಿಕಾರಿಗೆ ಮೊದಲೇ ತೋರಿಸಿ ಶುಲ್ಕ ಖಚಿತಪಡಿಸಿಕೊಳ್ಳಿ. ಸಾಲ ಕೊಡುವ ಬ್ಯಾಂಕಿಗೆ ಬಿಡುಗಡೆ ಪತ್ರ ಸಾಕೇ ಎಂದೂ ಕೇಳಿಕೊಳ್ಳಿ. ಪತ್ರದಲ್ಲಿ "ನನ್ನ ಹಕ್ಕು ಬಿಟ್ಟಿದ್ದೇನೆ" ಎಂದಷ್ಟೇ ಬರೆದರೆ ಆ ಪಾಲು ಉಳಿದ ಎಲ್ಲರಿಗೂ ಹಂಚಿಹೋಗುವ ವಾದಕ್ಕೆ ಎಡೆಯಾಗುತ್ತದೆ, ಅಕ್ಕನ ಹೆಸರು ಹೇಳಿ ಅವಳ ಪರವಾಗಿ ಎಂದೇ ಬರೆಸಬೇಕು. ಹಣ ಡಿಡಿ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಹೋಗಬೇಕು, ಅದರ ವಿವರ ಪತ್ರದಲ್ಲಿರಬೇಕು. ಸಹಿಯ ದಿನವೇ ಹಣ ಕೈಸೇರಬೇಕು. ಆಮೇಲೆ ಕೊಡುತ್ತೇನೆಂದ ಬಾಕಿಯನ್ನು ಬಿಡುಗಡೆ ಪತ್ರ ಆದಮೇಲೆ ವಸೂಲು ಮಾಡುವುದು ಬಲು ಕಷ್ಟ. ಇ-ಖಾತೆ ಇಲ್ಲದೆ ನೋಂದಣಿ ಆಗದ್ದರಿಂದ, ಅಮ್ಮನ ಹೆಸರಿನ ಖಾತೆಯನ್ನು ಮೊದಲು ಮೂವರ ಹೆಸರಿಗೆ ಮಾಡಿಸಿಕೊಂಡಿರಬೇಕು. ಅಮೆರಿಕದಿಂದ ಬರುವ ಅಧಿಕಾರಪತ್ರಕ್ಕೆ ಅಲ್ಲಿನ ನೋಟರಿಯ ಅಥವಾ ಭಾರತೀಯ ದೂತಾವಾಸದ ದೃಢೀಕರಣ ಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ನಮ್ಮ ಕಥೆಯಲ್ಲಿ ಕೊಳ್ಳುವವಳು ಅಕ್ಕ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಇದು ತಿರುವುಮುರುವು. ಹೆಣ್ಣುಮಕ್ಕಳನ್ನು ಕಾರಿನಲ್ಲಿ ಕರೆತಂದು, ಅರಿಶಿನ ಕುಂಕುಮದ ಹೆಸರಿನಲ್ಲಿ ಸೀರೆ, ಒಂದಿಷ್ಟು ದುಡ್ಡು ಕೊಟ್ಟು, ಇದೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಮನಸಾರೆ ಬಿಟ್ಟುಕೊಡುವುದು ಅವರ ಸ್ವಾತಂತ್ರ್ಯ. ಆದರೆ 31 ಲಕ್ಷ ಎಂಬ ಅಂಕಿ ಅವರಿಗೆ ಗೊತ್ತಿರಬೇಕು, ಮೌಲ್ಯಮಾಪನದ ವರದಿ ಅವರ ಕೈಯಲ್ಲೂ ಇರಬೇಕು, ಓದಿ ಯೋಚಿಸಲು ಒಂದೆರಡು ವಾರ ಕೊಡಬೇಕು. ತಿಳಿಯದೆ ಕೊಟ್ಟದ್ದನ್ನು ಉಡುಗೊರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಬ್ಬ ಒಪ್ಪದೇ ಹೋದರೆ? ಅವನು ತನ್ನ ಪಾಲನ್ನು ಹೊರಗಿನವರಿಗೆ ಮಾರಲು ಹೊರಟರೆ, ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಇಂಥ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕು ಕೊಟ್ಟಿದೆ, ಬೆಲೆ ಕುದುರದಿದ್ದರೆ ನ್ಯಾಯಾಲಯವೇ ನಿಗದಿ ಮಾಡುತ್ತದೆ. ವಿಭಾಗದ ದಾವೆಗೆ ಹೋದರೆ 1893ರ ವಿಭಾಗ ಕಾಯ್ದೆ ಅನ್ವಯಿಸುತ್ತದೆ. ಹಂಚಲಾಗದ ಆಸ್ತಿಯನ್ನು ಮಾರಿಸಿ ಎಂದು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೋರಬಹುದು. ಮೂರನೇ ಒಂದು ಪಾಲಿನ ಒಬ್ಬನಿಗೆ ಅದು ಸಾಧ್ಯವಿಲ್ಲ, ತಮ್ಮಂದಿರಿಬ್ಬರೂ ಸೇರಿದರೆ ಸಾಧ್ಯ. ಅವರು ಹಾಗೆ ಕೋರಿದ ಕೂಡಲೇ, ಅವರ ಪಾಲನ್ನು ಮೌಲ್ಯಮಾಪನದ ಬೆಲೆಗೆ ತನಗೇ ಕೊಡಿಸಿ ಎಂದು ಕೇಳುವ ಹಕ್ಕು ಅಕ್ಕನಿಗೆ ಹುಟ್ಟುತ್ತದೆ. ಆಗ ನ್ಯಾಯಾಲಯವೂ ಮೌಲ್ಯಮಾಪನಕ್ಕೇ ಆದೇಶಿಸುತ್ತದೆ. ವ್ಯತ್ಯಾಸವೆಂದರೆ ಅಷ್ಟು ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ಮೂವರೂ ಬೇರೆ ಬೇರೆ ವಕೀಲರಿಗೆ ಶುಲ್ಕ ಕಟ್ಟಿರುತ್ತಾರೆ.