ರಂಜಾನ್ ಉಪವಾಸ: ವಿನಾಯಿತಿಯೂ ಋಣವೂ

ಅನುಮತಿಯಿಲ್ಲದೆ ವ್ರತವನ್ನು ಮುರಿದವನಿಗೆ ಪ್ರಾಯಶ್ಚಿತ್ತವುಂಟು. ಅನುಮತಿಯಿಂದಲೇ ವ್ರತವನ್ನು ಬಿಟ್ಟವರ ಹೊಣೆಯೇನು? ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ.

ಕುರ್‌ಆನಿನ ಎರಡನೆಯ ಅಧ್ಯಾಯದ 184 ಮತ್ತು 185ನೆಯ ವಚನಗಳು ರೋಗಿಗೂ ಪ್ರಯಾಣಿಕನಿಗೂ ರಂಜಾನ್ ಉಪವಾಸದಿಂದ ವಿನಾಯಿತಿಯನ್ನಿತ್ತು, ತಪ್ಪಿದಷ್ಟು ದಿನಗಳನ್ನು ಬಳಿಕ ಪೂರೈಸಬೇಕೆಂದು ವಿಧಿಸುತ್ತವೆ. ಈ ಪೂರೈಕೆಗೆ ಕಜಾ ಎಂದು ಹೆಸರು. 184ನೆಯ ವಚನದಲ್ಲಿಯೇ ಬಡವನಿಗೆ ಅನ್ನವೀಯುವ ಮಾತೂ ಬರುತ್ತದೆ; ಇದು ಫಿದ್ಯಾ. ಇವೆರಡರಲ್ಲಿ ಯಾವುದು ಯಾರಿಗೆ ಎಂಬುದನ್ನು ನಿರ್ಣಯಿಸುವ ಮುಖ್ಯ ಸೂತ್ರವೊಂದೇ: ಅಡ್ಡಿಯು ಮುಂದೆ ಕಳೆಯುವಂಥದೋ ಅಲ್ಲವೋ ಎಂಬುದು. ಜ್ವರ ಬಿಡುತ್ತದೆ; ಆದುದರಿಂದ ರೋಗಿಗೆ ಕಜಾ. ಮುಪ್ಪು ಹಿಂದಿರುಗದು, ಆದುದರಿಂದ ಶಕ್ತಿಗುಂದಿದ ವೃದ್ಧನಿಗೆ ಫಿದ್ಯಾ. ಗುಣವಾಗದೆಂದು ತಿಳಿದ ರೋಗವು ಅನಿರೀಕ್ಷಿತವಾಗಿ ವಾಸಿಯಾದರೆ, ಹನಫಿ ಪಂಥದ ಪ್ರಕಾರ, ಕೊಟ್ಟ ಫಿದ್ಯಾ ಸಾಲದು, ಉಪವಾಸವನ್ನೇ ಪೂರೈಸಬೇಕು.

ಗರ್ಭಿಣಿಯ ಹೆಸರು ಈ ವಚನಗಳಲ್ಲಿಲ್ಲ. ಉಪವಾಸದಿಂದ ತನಗಾಗಲಿ ಶಿಶುವಿಗಾಗಲಿ ಹಾನಿಯಾದೀತೆಂಬ ಭಯಕ್ಕೆ ಹಿಂದಿನ ಅನುಭವ, ಸ್ಪಷ್ಟ ಲಕ್ಷಣ ಅಥವಾ ಬಲ್ಲ ವೈದ್ಯರ ಮಾತಿನ ಆಧಾರವಿದ್ದಲ್ಲಿ ಅವಳು ಉಪವಾಸ ಬಿಡಬಹುದೆಂಬುದರಲ್ಲಿ ಪಂಥಗಳಿಗೆ ಭೇದವಿಲ್ಲ. ಭೇದವಿರುವುದು ಋಣದಲ್ಲಿ. ಹನಫಿಗಳು ಅವಳನ್ನು ರೋಗಿಗೆ ಸಮನೆಂದೆಣಿಸಿ ಕಜಾ ಮಾತ್ರ ವಿಧಿಸುತ್ತಾರೆ. ಶಾಫಿಗಳು ಭಯವು ಯಾರ ಕುರಿತದ್ದೆಂದು ಕೇಳುತ್ತಾರೆ. ತನ್ನ ದೇಹದ ಭಯವಿದ್ದರೆ ಕಜಾ ಮಾತ್ರ. ಕೇವಲ ಶಿಶುವಿನ ಭಯವಾದರೆ, ಇನ್ನೊಂದು ಜೀವಕ್ಕಾಗಿ ವ್ರತ ಬಿಟ್ಟುದರಿಂದ, ಕಜಾದೊಡನೆ ಫಿದ್ಯಾವೂ ಸಲ್ಲಬೇಕು.

ಒಂದು ಉದಾಹರಣೆ ನೋಡೋಣ. ಗರ್ಭಿಣಿಯೊಬ್ಬಳು ಶಿಶುವಿಗಾಗಿ ಇಪ್ಪತ್ತು ದಿನ ಉಪವಾಸ ಬಿಟ್ಟಳೆನ್ನಿ. ಕರ್ನಾಟಕದ ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿಗಳಲ್ಲಿ ಅವಳ ಋಣ ಇಪ್ಪತ್ತು ಉಪವಾಸ. ಶಾಫಿ ಪಂಥವನ್ನನುಸರಿಸುವ ಕರಾವಳಿಯ ಬ್ಯಾರಿಗಳಲ್ಲಿ ಅಥವಾ ಭಟ್ಕಳದ ನವಾಯತರಲ್ಲಿ ಇಪ್ಪತ್ತು ಉಪವಾಸದ ಜೊತೆಗೆ ದಿನಕ್ಕೊಂದು ಮುದ್ದ್‌ನಂತೆ ಇಪ್ಪತ್ತು ಮುದ್ದ್ ಧಾನ್ಯ. ಮುದ್ದ್ ಎಂದರೆ ಸ್ಥೂಲವಾಗಿ ಒಂದು ಬೊಗಸೆ. ಕರಾವಳಿಯಲ್ಲಿ ಅದು ಅಕ್ಕಿಯೇ. ಹೆರಿಗೆಯ ಬಳಿಕ ಮೊಲೆಯೂಡಿಸುವ ಕಾಲದಲ್ಲಿಯೂ ಇದೇ ಭಯವಿದ್ದು ಮುಂದಿನ ರಂಜಾನ್ ಬಂದುಬಿಟ್ಟರೆ ವಿಳಂಬಕ್ಕೆ ದೋಷವಿಲ್ಲ. ಕಾರಣವಿಲ್ಲದೆ ತಡಮಾಡಿದರೆ ಶಾಫಿಗಳಲ್ಲಿ ದಿನಕ್ಕೊಂದು ಮುದ್ದ್ ಮತ್ತೆ ಸೇರುತ್ತದೆ; ಹನಫಿಗಳಲ್ಲಿ ಸೇರದು.

ಅಕ್ಕಿ ಕೊಟ್ಟರೆ ಋಣ ತೀರಿತೆಂದು ಗರ್ಭಿಣಿಯ ಮನೆಯವರು ಭಾವಿಸಿದರೆ ಅದು ಈ ಎರಡು ಪಂಥಗಳ ದೃಷ್ಟಿಯಲ್ಲಿಯೂ ತಪ್ಪು. ವೃದ್ಧನಿಗೆ ಫಿದ್ಯಾ ಉಪವಾಸದ ಸ್ಥಾನದಲ್ಲಿ ನಿಲ್ಲುತ್ತದೆ. ಗರ್ಭಿಣಿಗಾದರೋ ಅದು ವಿಧಿಸಲ್ಪಟ್ಟಲ್ಲಿ ಉಪವಾಸದ ಪಕ್ಕದಲ್ಲಿ ನಿಲ್ಲುತ್ತದೆ. ಪ್ರವಾದಿಯ ಸಂಗಾತಿಗಳಾದ ಇಬ್ನ್ ಅಬ್ಬಾಸ್ ಮತ್ತು ಇಬ್ನ್ ಉಮರ್ ಅವರು ಗರ್ಭಿಣಿಗೆ ಫಿದ್ಯಾ ಮಾತ್ರವೇ ಸಾಕೆಂದು ಹೇಳಿದರೆಂಬ ವರದಿಯೂ ಉಂಟು. ಆದರೆ ಈ ಎರಡು ಪಂಥಗಳು ಅದನ್ನು ಅಂಗೀಕರಿಸಲಿಲ್ಲ. ಅವಳ ಅಡ್ಡಿ ಕಳೆಯುವಂಥದೆಂಬುದೇ ಅವರ ವಾದ.