ದಂಡಿನ ಅಡಿಯ ಮಣ್ಣು ಮತ್ತು ಕವಲೊಡೆಯುವ ಲೆಕ್ಕ

2021ರ ಸೆಪ್ಟೆಂಬರ್ 22ರಂದು ಬೆಂಗಳೂರು ಮೆಟ್ರೋದ ‘ಊರ್ಜಾ’ ಎಂಬ ಸುರಂಗ ಯಂತ್ರ ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂತು. ಕಂಟೋನ್ಮೆಂಟಿನಿಂದ ಅಲ್ಲಿಗೆ ಅದು ಕೊರೆದದ್ದು 855 ಮೀಟರ್. ದೂರ ದೊಡ್ಡದಲ್ಲ, ಕಷ್ಟವಿದ್ದದ್ದು ನೆಲದಲ್ಲಿ. ಬೆಂಗಳೂರಿನ ಅಡಿಯಲ್ಲಿ ಗಟ್ಟಿ ಕಲ್ಲು ಇದ್ದಕ್ಕಿದ್ದಂತೆ ಸಡಿಲ ಮಣ್ಣಾಗುತ್ತದೆ. ಯಂತ್ರದ ಮುಖದ ಅರ್ಧಕ್ಕೆ ಬಂಡೆ, ಅರ್ಧಕ್ಕೆ ಮಣ್ಣು ಸಿಕ್ಕರೆ ಕಲ್ಲು ನಿಧಾನವಾಗಿ ಸವೆಯುವಷ್ಟರಲ್ಲಿ ಮಣ್ಣು ಹೆಚ್ಚಾಗಿ ಒಳಗೆ ಜಾರಿ, ಮೇಲಿನ ರಸ್ತೆ ಕುಸಿಯಬಹುದು.

ಇಂಥ ಕಡೆ ಎಂಜಿನಿಯರ್ ಏನು ಮಾಡಬೇಕು? ಕೆಳಗಿನ ಅಂಕಿಗಳು ಕಲಿಕೆಗೆಂದು ನಾನು ಇಟ್ಟುಕೊಂಡವು, ಮೆಟ್ರೋದವಲ್ಲ.

ಒಂದು ತುಂಡು ಹಾದಿಯಲ್ಲಿ ಕುಸಿತದ ಸಂಭವ ಶೇ. 30, ಕುಸಿದರೆ ನಷ್ಟ 8 ಕೋಟಿ ಎನ್ನೋಣ. ಎರಡನ್ನೂ ಗುಣಿಸಿದರೆ 2.4 ಕೋಟಿ. ಇದೇ ನಿರೀಕ್ಷಿತ ಹಣಮೌಲ್ಯ, ಸುಮ್ಮನಿದ್ದರೆ ತೆರುವ ಸರಾಸರಿ ಬೆಲೆ. ಮೊದಲೇ 1.5 ಕೋಟಿ ಖರ್ಚು ಮಾಡಿ ಸಿಮೆಂಟ್ ಗ್ರೌಟ್ ತುಂಬಿದರೆ ಸಂಭವ ಶೇ. 5ಕ್ಕೆ ಇಳಿಯುತ್ತದೆ. ಉಳಿದ ರಿಸ್ಕ್ 40 ಲಕ್ಷ ಸೇರಿ ಒಟ್ಟು 1.9 ಕೋಟಿ. ಗ್ರೌಟೇ ಮೇಲು.

ಆದರೆ ಮೂರನೇ ದಾರಿಯೂ ಇದೆ. 20 ಲಕ್ಷ ಕೊಟ್ಟು ಇನ್ನಷ್ಟು ಬೋರ್ ಹಾಕಿ ಮಣ್ಣು ನೋಡುವುದು. ಇಲ್ಲಿಯೇ ನಿರ್ಧಾರದ ಮರ ಬೇಕಾಗುವುದು. ನಾವು ಆರಿಸುವ ಕಡೆ ಚೌಕ, ಮಣ್ಣು ತೀರ್ಮಾನಿಸುವ ಕಡೆ ವೃತ್ತ ಬರೆಯುತ್ತಾರೆ. ಬೋರ್ ಕೆಟ್ಟ ನೆಲವೆನ್ನುವ ಸಂಭವ ಶೇ. 40, ಆಗ ಕುಸಿತದ ಸಂಭವ ಶೇ. 60. ಒಳ್ಳೆಯದೆಂದರೆ ಶೇ. 10. ಲೆಕ್ಕವನ್ನು ತುದಿಯಿಂದ ಬುಡಕ್ಕೆ ತರಬೇಕು. ಕೆಟ್ಟ ನೆಲದಲ್ಲಿ ಗ್ರೌಟ್ ತುಂಬಿದರೆ ಸಂಭವ ಶೇ. 10, ವೆಚ್ಚ 2.3 ಕೋಟಿ. ತುಂಬದಿದ್ದರೆ 4.8. ಒಳ್ಳೆಯ ನೆಲದಲ್ಲಿ ಸುಮ್ಮನಿದ್ದರೆ 80 ಲಕ್ಷ, ಗ್ರೌಟಿಗೆ ಅದಕ್ಕಿಂತ ಹೆಚ್ಚು. 2.3ರ ಶೇ. 40, 0.8ರ ಶೇ. 60, ಬೋರಿನ 20 ಲಕ್ಷ ಸೇರಿಸಿದರೆ 1.6 ಕೋಟಿ. ಬೋರಿನ ಖರ್ಚು ಬಿಟ್ಟರೆ ಇದು ಗ್ರೌಟಿನ 1.9 ಕೋಟಿಗಿಂತ 50 ಲಕ್ಷ ಕಡಿಮೆ. ಅಂದರೆ ಬೋರಿಗೆ 50 ಲಕ್ಷದವರೆಗೂ ಕೊಡಬಹುದು. ಮಾಹಿತಿಯ ಬೆಲೆ ಹೀಗೆ ಕಾಣುತ್ತದೆ.

ಈ ಲೆಕ್ಕದಲ್ಲಿ ನನಗೆ ಮುಖ್ಯವಾದ ಅನುಮಾನ ಆ ಶೇ. 30ರ ಬಗ್ಗೆ. ಅದನ್ನು ಹೇಳಿದ್ದು ಯಾರು, ಯಾವ ಬೋರುಗಳನ್ನು ನೋಡಿ? ಗ್ರೌಟ್ ಯಾವಾಗಲೂ ಸಂಭವವನ್ನು ಆರನೇ ಒಂದಕ್ಕೆ ಇಳಿಸುತ್ತದೆ ಎಂದಿಟ್ಟುಕೊಂಡರೆ, ಸಂಭವ ಶೇ. 22.5ಕ್ಕಿಂತ ಕಡಿಮೆಯಿದ್ದಾಗ ಬೋರಿಲ್ಲದೆ ಗ್ರೌಟ್ ತುಂಬುವುದಕ್ಕಿಂತ ಸುಮ್ಮನಿರುವುದೇ ಅಗ್ಗವಾಗುತ್ತದೆ. ಹಾಗಾಗಿ ಅಂಕಿಯನ್ನು ಅತ್ತಿತ್ತ ಅಲುಗಿಸಿ ಉತ್ತರ ತಿರುಗುವ ಜಾಗ ನೋಡದೆ ಮರವನ್ನು ನಂಬಬಾರದು. ಇನ್ನೊಂದು ಮಾತು: 1.6 ಕೋಟಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಬಂದರೆ 8 ಕೋಟಿ ಬರುತ್ತದೆ. ಹತ್ತಾರು ಕಾಮಗಾರಿ ಇರುವ ಕಂಪನಿಗೆ ಸರಾಸರಿ ಸರಿ, ಒಂದೇ ಕೆಲಸ ಹಿಡಿದ ಸಣ್ಣ ಗುತ್ತಿಗೆದಾರ ಆ ಹೊಡೆತಕ್ಕೇ ಮುಳುಗುತ್ತಾನೆ. ಅವನಿಗೆ ಪ್ರೀಮಿಯಂ ದುಬಾರಿಯಾದರೂ ವಿಮೆಯೇ ಸರಿ.

ಮೇಲಿನ ರಸ್ತೆಯಲ್ಲಿ ನಡೆಯುವವರ ಜೀವವನ್ನು ಮಾತ್ರ ಈ ಮರದ ಯಾವ ಕೊಂಬೆಗೂ ಹಣವಾಗಿ ಕಟ್ಟಬೇಡಿ. ಆ ಅಪಾಯ ತಗ್ಗಿಸಿದ ಮೇಲೆ ಉಳಿದ ದಾರಿಗಳಿಗೆ ಮಾತ್ರ ಲೆಕ್ಕ ಹಾಕಿ.